ಗಾಜಿನ ಒಲೆಯ ಕಜ್ಜಾಯ

ಕೊನೆಯ ಸಲ ನನ್ನ ತಂಗಿ ಫೋನು ಮಾಡಿದಾಗ ಅವಳು ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ನಾನು ಮಿರ್ಲೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅವಳು ಕೋಟೆಯಲ್ಲಿ, ಅಂದರೆ ಹೆಗ್ಗಡದೇವನಕೋಟೆಯಲ್ಲಿ, ತನ್ನ ಅಡಿಗೆಮನೆಯಲ್ಲಿ ನಿಂತಿದ್ದಳು. ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರಿಗೆ ಹಾಕಿಕೊಂಡು ಮಾತಾಡುವುದು ಅವಳ ರೂಢಿ. ಸೌಟು ಬಾಣಲೆಗೆ ತಾಗುವ ಸದ್ದು, ಮೆಣಸಿನಕಾಯಿ ಗಲಗಲ ಅನ್ನುವ ಸದ್ದು ನನಗೆ ಕೇಳುತ್ತಿತ್ತು.

ಮಾತಿನ ನಡುವೆ ಅವಳು, "ತಡಿ ಅಕ್ಕ, ಒಲೆ ಆರುಸ್ಬುಡ್ತೀನಿ," ಅಂದಳು.

"ಆಯ್ತಾ ಉರ್ದಿದ್ದು?"

"ಎಲ್ಲಿ ಆಯ್ತು, ಇನ್ನೂ ಘಾಟೇ ಎದ್ದಿಲ್ಲ. ಈಗ್ಲೇ ಆರಿಸ್ಬೇಕು ಕಣಕ್ಕ. ಘಾಟು ಬಂದ್ಮೇಲೆ ಆರ್ಸಿದ್ರೆ ಕರ್ರಗಾಯ್ತವೆ. ಮಿಕ್ಕಿದ್ದು ಆ ಬಿಸಿಗೇ ಉರ್ಕತವೆ."

ಅವಳದು ಕರೆಂಟಿನ ಒಲೆ. ಮೇಲೆ ಕರಿ ಗಾಜು, ಅದರ ಕೆಳಗೆ ಸುರುಳಿ ಸುತ್ತಿದ ತಂತಿ. ತಿರುಗಣೆ ತಿರುಗಿಸಿದರೆ ತಂತಿ ಕೆಂಪಗಾಗಿ, ಗಾಜು ಕಾದು, ಆಮೇಲೆ ಪಾತ್ರೆ ಕಾಯಬೇಕು. ಆರಿಸಿದರೂ ಗಾಜು ಬಹಳ ಹೊತ್ತು ತಣ್ಣಗಾಗುವುದಿಲ್ಲ. ನಾನು ನಗುತ್ತಾ, "ಹೆಸ್ರಿಗೆ ಕರೆಂಟು, ಬುದ್ಧಿ ಮಾತ್ರ ಎಮ್ಮೇದು ನಿಮ್ಮೊಲೇಗೆ. ಏಳು ಅಂದ್ರೆ ಏಳಕಿಲ್ಲ, ನಿಲ್ಲು ಅಂದ್ರೆ ನಿಲ್ಲಕಿಲ್ಲ," ಅಂದೆ.

ಅವಳು ನಕ್ಕಳು. ಅವಳ ಹಿಂದಿನಿಂದ ಇನ್ನೊಂದು ನಗು ಕೇಳಿತು. ಅದು ಅವಳ ವಾರಗಿತ್ತಿಯದು, ಅಂದರೆ ಮೈದುನನ ಹೆಂಡತಿಯದು. ಸ್ವಲ್ಪ ಹೊತ್ತಿಗೆ ತಂಗಿ ಫೋನಿನಿಂದ ಮುಖ ತಿರುಗಿಸಿ ಅವಳಿಗೆ, ಮೊರ ಇತ್ತ ಕೊಡು, ಘಾಟು ಎದ್ದಿತು, ಸುರಿದುಬಿಡೋಣ ಎಂದು ಹೇಳಿದಳು. ಮೆಣಸಿನಕಾಯಿ ಮೊರಕ್ಕೆ ಬಿದ್ದ ಸದ್ದಾಯಿತು. ನಂತರ ಇಬ್ಬರೂ ಏನೋ ಪಿಸುಗುಟ್ಟಿ ಮತ್ತೆ ನಕ್ಕರು. ಏನೆಂದು ನನಗೆ ತಿಳಿಯಲಿಲ್ಲ. ಅವರೆಕಾಯಿ ಇನ್ನೂ ಬುಟ್ಟಿ ತುಂಬ ಇದೆ, ಆಮೇಲೆ ಮಾಡು ಎಂದು ಹೇಳಿ ಫೋನಿಟ್ಟೆ.

ಮಾರನೆಯ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದ ತಂಗಿ, ಎದೆ ಹಿಡಿದುಕೊಂಡ ಹಾಗಾಗುತ್ತಿದೆ ಎಂದು ಮೆಟ್ಟಿಲ ಮೇಲೆ ಕೂತಳಂತೆ. ಆಸ್ಪತ್ರೆಗೆ ಕರೆದೊಯ್ಯಲು ಕಾರು ಬರುವುದರೊಳಗೆ ಎಲ್ಲ ಮುಗಿದಿತ್ತು. ನನಗಿಂತ ಚಿಕ್ಕವಳು.

ನಾವು ಹೋಗುವಷ್ಟರಲ್ಲಿ ಅವಳನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕುಂಕುಮ, ಮುಡಿ ತುಂಬ ಹೂವು. ಅವಳ ಕಾಲ ಬಳಿ ವಾರಗಿತ್ತಿ ಬಿದ್ದುಕೊಂಡು ಅಕ್ಕಾ ಅಕ್ಕಾ ಎಂದು ಒಂದೇ ಸಮ ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನಗೆ ಜೋರಾಗಿ ಅಳಲು ಬರುವುದಿಲ್ಲ. ಬಂದ ಹೆಂಗಸರೆಲ್ಲ ವಾರಗಿತ್ತಿಯ ಬೆನ್ನು ಸವರಿದರು, ಅವಳಿಗೆ ನೀರು ಕುಡಿಸಿದರು. ನನ್ನ ಹಿಂದೆ ಕೂತಿದ್ದ ಯಾರೋ ಒಬ್ಬಳು, ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದರು ಇಬ್ಬರೂ ಎಂದಳು. ಒಡಹುಟ್ಟಿದವಳು ನಾನು ಅವಳ ಮುಂದೆಯೇ ಕೂತಿದ್ದೆ.

ಆ ಮಾತು ನನ್ನ ಜೊತೆಯಲ್ಲೇ ಮಿರ್ಲೆಗೆ ಬಂತು. ಕೆಲಸ ಮಾಡುವಾಗಲೂ, ಮಲಗುವಾಗಲೂ ಇರುತ್ತಿತ್ತು. ನಮ್ಮವ್ವ ತೀರಿಕೊಂಡಾಗ ತಂಗಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳಿಗೆ ಜಡೆ ಹೆಣೆದವಳು ನಾನು. ಕಾಯಿ ತುರಿಯುವುದು, ಒಗ್ಗರಣೆ ಹಾಕುವುದು, ಕಜ್ಜಾಯ ತಟ್ಟುವುದು ಹೇಳಿಕೊಟ್ಟವಳೂ ನಾನು. ನನ್ನನ್ನು ಊರಲ್ಲೇ ಕೊಟ್ಟಿದ್ದರಿಂದ, ಅಪ್ಪನೂ ಹೋದ ಮೇಲೆ ಅವಳಿಗೆ ತವರುಮನೆ ಅಂದರೆ ನನ್ನ ಮನೆಯೇ ಆಗಿತ್ತು. ಹಬ್ಬ ಬಂದರೆ ಮುಂಚಿನ ದಿನವೇ ಬರುತ್ತಿದ್ದಳು. ನಮ್ಮ ಗ್ಯಾಸಿನ ಒಲೆಯ ಮುಂದೆ ನಾನು ಕರಿಯುತ್ತಿದ್ದೆ, ಅವಳು ತಟ್ಟಿ ಕೊಡುತ್ತಿದ್ದಳು. ಕರಿದದ್ದನ್ನು ಡಬ್ಬಿಗೆ ತುಂಬಿಕೊಂಡು ಕೋಟೆಗೆ ಹೋಗುತ್ತಿದ್ದಳು.

ಗಾಜಿನ ಒಲೆ ಆ ಮನೆಗೆ ಬಂದದ್ದು ಅವಳ ಅತ್ತೆಯ ದೆಸೆಯಿಂದ. ಮುದುಕಿಗೆ ಮರೆವು ಶುರುವಾಗಿ, ಗ್ಯಾಸು ತಿರುಗಿಸಿ ಬೆಂಕಿ ಹಚ್ಚುವುದನ್ನು ಮರೆಯುತ್ತಿದ್ದಳು. ಒಂದು ದಿನ ಮನೆಯೆಲ್ಲ ವಾಸನೆ ತುಂಬಿಕೊಂಡಿತ್ತಂತೆ. ತಂಗಿಯ ಗಂಡ ಕಬಿನಿ ಹಿನ್ನೀರಿನ ಕಡೆಯ ಒಂದು ರೆಸಾರ್ಟಿನಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಅಡಿಗೆಮನೆ ಹೊಸದು ಮಾಡುವಾಗ ತೆಗೆದುಹಾಕಿದ ಒಲೆಯನ್ನು ಮನೆಗೆ ತಂದು, ದಪ್ಪ ವೈರು ಎಳೆದು ಕೂರಿಸಿದರು. ಗ್ಯಾಸನ್ನು ಮನೆಯಿಂದ ಕಳಿಸಿಬಿಟ್ಟರು. ಮುದುಕಿ ಅದನ್ನು ನೋಡಿ, ಇದು ಒಲೆಯೋ ಟೀವಿಯೋ ಎಂದು ಕೇಳಿದ್ದಳು.

ಮೊದಮೊದಲು ತಂಗಿ ಫೋನಿನಲ್ಲಿ ಅಳುವುದೊಂದೇ ಬಾಕಿ. ಸಾಸಿವೆ ಸಿಡಿಯುವುದಿಲ್ಲ, ಸಿಡಿದ ಮೇಲೆ ಕರಿಬೇವು ಹಾಕುವಷ್ಟರಲ್ಲಿ ಸೀದುಹೋಗುತ್ತದೆ. ಹಾಲು ಉಕ್ಕುವಾಗ ಆರಿಸಿದರೂ ಉಕ್ಕಿಯೇ ತೀರುತ್ತದೆ. ಕೊತ್ತಂಬರಿ ಬೀಜ ಹುರಿದರೆ ಕಹಿ. ಎಲ್ಲವನ್ನೂ ನನಗೆ ಹೇಳುತ್ತಿದ್ದಳು. ನಾನು ಗ್ಯಾಸು ವಾಪಸು ತರಿಸಿಕೋ ಅನ್ನುತ್ತಿದ್ದೆ. ಬರಬರುತ್ತಾ ಅವಳ ದೂರು ಕಡಿಮೆಯಾಯಿತು. ಜೀರಿಗೆ ಮೆಂತ್ಯವನ್ನು ಒಲೆ ಆರಿಸಿದ ಮೇಲೆ ಬಾಣಲೆಗೆ ಹಾಕುತ್ತೇವೆ ಎಂದಳು. ಹಾಲಿಗೆ ಗುಳ್ಳೆ ಏಳುವ ಮೊದಲೇ ಆರಿಸುತ್ತೇವೆ ಎಂದಳು. ಹೀಗೆ ಮಾತಿನಲ್ಲಿ "ನಾವು" ಬಂತು. ಆ ನಾವು ಎಂದರೆ ಅವಳು ಮತ್ತು ಅವಳ ವಾರಗಿತ್ತಿ. ಇಬ್ಬರದೂ ಒಂದೇ ಅಡಿಗೆಮನೆ. ಇಬ್ಬರೂ ಕೆಡಿಸಿ ಕೆಡಿಸಿ ಆ ಒಲೆಯನ್ನು ಕಲಿತಿದ್ದರು.

ನಾನು ಕೋಟೆಗೆ ಹೋಗುತ್ತಿದ್ದುದು ಗೃಹಪ್ರವೇಶ, ನಾಮಕರಣ ಇಂಥದ್ದಕ್ಕೆ. ಆಗೆಲ್ಲ ಅಡಿಗೆ ಹಿತ್ತಲಲ್ಲಿ ಶಾಮಿಯಾನದ ಕೆಳಗೆ, ಅಡಿಗೆಯವರ ಕೈಯಲ್ಲಿ. ಇಲ್ಲವೇ ನಾನು ಬರುತ್ತೇನೆಂದು ತಂಗಿ ಬೆಳಗ್ಗೆಯೇ ಅನ್ನ ಸಾರೆಲ್ಲ ಮಾಡಿಟ್ಟಿರುತ್ತಿದ್ದಳು.

ಅವಳು ತೀರಿಕೊಂಡ ವರ್ಷದ ಪಿತೃಪಕ್ಷ ಬಂತು. ತಂಗಿಯ ಗಂಡ ಫೋನು ಮಾಡಿ ಎಡೆ ಇಡುವ ದಿನ ಹೇಳಿದರು. ಮುತ್ತೈದೆಯಾಗಿ ಹೋದವಳ ಮೊದಲ ಎಡೆಗೆ ಕಜ್ಜಾಯದ ಹಿಟ್ಟು ತವರಿನಿಂದ ಹೋಗಬೇಕು. ಅದು ನಮ್ಮ ಕಡೆ ನಡೆದುಕೊಂಡು ಬಂದದ್ದು. ಎಡೆಯ ಮನೆಯಲ್ಲೇ ಹೊಸ ಎಣ್ಣೆಯಲ್ಲಿ ಕರಿಯಬೇಕು. ಮೊದಲು ಬಿಟ್ಟ ಕಜ್ಜಾಯ ಎಡೆಗೆ. ಎಡೆ ಇಟ್ಟು ಪೂಜೆಯಾಗುವವರೆಗೆ ಯಾರೂ ಚೂರು ಮುರಿದು ಬಾಯಿಗೆ ಹಾಕುವಂತಿಲ್ಲ. ಅವರು ಹಿಂಜರಿಯುತ್ತಾ, ಹಿಟ್ಟು ತನ್ನಿ ಅತ್ತಿಗೆ, ಕರಿಯುವುದನ್ನು ನನ್ನ ತಮ್ಮನ ಹೆಂಡತಿ ನೋಡಿಕೊಳ್ಳುತ್ತಾಳೆ, ಅವಳಿಗೆ ಆ ಒಲೆ ಅಭ್ಯಾಸ ಅಂದರು. ನಾನೇ ಕರಿಯುತ್ತೇನೆ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು. ಅವರು ಆಗಲಿ ಎಂದರು.

ಅಕ್ಕಿ ನೆನೆಹಾಕಿ, ನೆರಳಲ್ಲಿ ಆರಿಸಿ, ಇನ್ನೂ ಪಸೆ ಇರುವಾಗಲೇ ಕುಟ್ಟಿಸಿ ಹಿಟ್ಟು ಮಾಡಿದೆ. ಬೆಲ್ಲದ ಪಾಕ ನೀರಲ್ಲಿ ಬಿಟ್ಟರೆ ಉಂಡೆಯಾಗುವ ಹದಕ್ಕೆ ತೆಗೆದು, ಎಳ್ಳು ಗಸಗಸೆ ಏಲಕ್ಕಿ ಸೇರಿಸಿ ಕಲಸಿ ಡಬ್ಬಿಗೆ ತುಂಬಿದೆ. ಹದ ಚೆನ್ನಾಗಿ ಬಂದಿತ್ತು. ಅವ್ವನ ಕಾಲದ ಕಬ್ಬಿಣದ ಬಾಣಲೆಯನ್ನೂ ಚೀಲದಲ್ಲಿಟ್ಟುಕೊಂಡೆ. ಕೆ.ಆರ್. ನಗರಕ್ಕೆ ಒಂದು ಬಸ್ಸು, ಅಲ್ಲಿಂದ ಹುಣಸೂರಿಗೆ, ಹುಣಸೂರಿನಿಂದ ಕೋಟೆಗೆ. ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲಿತ್ತು. ಈ ಕಜ್ಜಾಯವೊಂದನ್ನು ನನ್ನ ಕೈಯಿಂದಲೇ ಅವಳಿಗೆ ಇಡಬೇಕು, ವಾರಗಿತ್ತಿಯ ಕೈ ಅದಕ್ಕೆ ತಾಗಬಾರದು ಎಂಬುದೊಂದೇ ಯೋಚನೆ.

ಆ ಮನೆಯ ಅಡಿಗೆಮನೆ ಅಚ್ಚುಕಟ್ಟಾಗಿತ್ತು. ಗೋಡೆಗೆ ತಂಗಿಯ ಸೀರೆಯ ಅಂಚಿನಿಂದ ಹೊಲಿದ ಕೈಬಟ್ಟೆ ನೇತುಹಾಕಿತ್ತು. ವಾರಗಿತ್ತಿ ಮಡಿಯಲ್ಲಿದ್ದಳು. ನನ್ನನ್ನು ನೋಡಿ, "ಬನ್ನಿ ಅಕ್ಕ," ಎಂದು ಕಾಲಿಗೆ ನೀರು ಕೊಟ್ಟಳು. ಬೇಳೆ ಬೆಂದು, ಹೂರಣ ಅರೆದು ಎಲ್ಲ ಮುಗಿದಿತ್ತು. ಕಜ್ಜಾಯ, ವಡೆ ಕರಿಯುವುದಷ್ಟೇ ಬಾಕಿ. ನಾನು ಬಾಣಲೆ ತೆಗೆದು ಗಾಜಿನ ಮೇಲಿಟ್ಟೆ. ಅದು ಗುಂಡು ತಳದ್ದು. ಒಂದು ಕಡೆಗೆ ವಾಲಿತು. ನೆಟ್ಟಗೆ ಹಿಡಿದರೂ ನಡುವೆ ನಾಣ್ಯದಷ್ಟು ಜಾಗ ಮಾತ್ರ ಗಾಜಿಗೆ ತಾಗುತ್ತಿತ್ತು.

"ಅದು ನಿಲ್ಲಾಕಿಲ್ಲ ಅಕ್ಕ. ಎಣ್ಣೆ ಮಗುಚ್ಕತದೆ," ಎಂದು ಅವಳು ಮೆಲ್ಲಗೆ ಹೇಳಿ, ಕೆಳಗಿನಿಂದ ಚಪ್ಪಟೆ ತಳದ ದಪ್ಪ ಬಾಣಲೆ ತೆಗೆದುಕೊಟ್ಟಳು. ತಳ ಒಲೆಯ ಸುತ್ತಿನಷ್ಟೇ ಅಗಲವಿತ್ತು. ಅದು ತಂಗಿಯದೇ ಎಂದು ಹಿಡಿಕೆಯ ಸವಕಲು ನೋಡಿಯೇ ತಿಳಿಯಿತು. ಅವ್ವನ ಬಾಣಲೆ ಮತ್ತೆ ಚೀಲಕ್ಕೆ ಹೋಯಿತು.

ಎಣ್ಣೆ ಸುರಿದೆ. ನನ್ನ ಅಭ್ಯಾಸದಂತೆ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ಗಾಜಿನ ಕೆಳಗೆ ಸುರುಳಿ ಕೆಂಪಗಾಯಿತು. ಎಣ್ಣೆ ಮಾತ್ರ ಕದಲಲಿಲ್ಲ. ವಾರಗಿತ್ತಿ ಪಕ್ಕಕ್ಕೆ ಬಂದು, ನಡುವಿನ ಗುರುತಿಗೆ ಇಟ್ಟರೆ ಸಾಕು, ನಿಧಾನವಾಗಿ ಕಾಯಲಿ ಎಂದಳು. ನಾನು ಕೇಳಿಸದವಳಂತೆ ಬಾಳೆಲೆಗೆ ಎಣ್ಣೆ ಸವರುತ್ತಾ ನಿಂತೆ. ಅವಳು ಹೋಗಿ ವಡೆಗೆ ಈರುಳ್ಳಿ ಇಲ್ಲದೆ ಹಿಟ್ಟು ಕಲಸಲು ಕೂತಳು.

ಚೂರು ಹಿಟ್ಟು ಹಾಕಿ ನೋಡಿದೆ. ಬಿಟ್ಟ ಕೂಡಲೇ ಮೇಲೆ ಬಂತು. ಕಾದಿದೆ ಎಂದುಕೊಂಡು ಉರಿ ಅರ್ಧಕ್ಕೆ ಇಳಿಸಿ ಕಜ್ಜಾಯ ತಟ್ಟಿ ಬಿಟ್ಟೆ. ಗ್ಯಾಸಿನಲ್ಲಾದರೆ ಇಳಿಸಿದ್ದು ಇಳಿದಂತೆ. ಇಲ್ಲಿ ತಿರುಗಣೆ ಇಳಿದರೂ ಗಾಜಿನ ಬಿಸಿ ಎಣ್ಣೆಗೆ ಹತ್ತುತ್ತಲೇ ಇತ್ತು. ಅಷ್ಟರಲ್ಲಿ ಟಕ್ ಎಂದು ಸದ್ದಾಗಿ ಸುರುಳಿಯ ಕೆಂಪು ಪೂರ್ತಿ ಆರಿಹೋಯಿತು. ಕರೆಂಟು ಹೋಯಿತು, ಇಲ್ಲವೇ ನಾನು ಹೆಚ್ಚು ಇಳಿಸಿಬಿಟ್ಟೆ ಎಂದು ಗಾಬರಿಯಾಗಿ ಮತ್ತೆ ಏರಿಸಿದೆ. ಕೆಂಪು ಬಂತು. ಕಜ್ಜಾಯ ತಿರುವಿ ಹಾಕಿದಾಗ ಕೆಳಮೈ ಕರಿಬೆಲ್ಲದ ಬಣ್ಣಕ್ಕೆ ಹೋಗಿತ್ತು. ಎಣ್ಣೆಯಿಂದ ಹೊಗೆ ಎದ್ದಿತು. ತೆಗೆದು ಒತ್ತಿದರೆ ನಡುವಿನಿಂದ ಹಸಿ ಹಿಟ್ಟು ಬಂತು.

ಒಲೆಯನ್ನು ಪೂರ್ತಿ ಆರಿಸಿದೆ. ಇನ್ನೊಂದು ಬಿಟ್ಟೆ. ಅದೂ ಹಾಗೆಯೇ ಕಪ್ಪಾಯಿತು. ಆರಿಸಿದ ಒಲೆಯ ಮೂಲೆಯಲ್ಲಿ ಬಿಸಿ ಇದೆ ಎನ್ನುವ ಕೆಂಪು ದೀಪ ಉರಿಯುತ್ತಲೇ ಇತ್ತು. ಬಹಳ ಹೊತ್ತು ಕಾದೆ. ಈ ಸಲ ಎಣ್ಣೆ ತಣ್ಣಗಾಗಿಬಿಟ್ಟಿತ್ತು. ಬಿಟ್ಟ ಕಜ್ಜಾಯ ತಳಕ್ಕೆ ಹೋಗಿ ಕೂತು, ಉಬ್ಬದೆ, ಅಂಚಿನಿಂದ ಬಿಚ್ಚಿಕೊಂಡು ಪುಡಿಪುಡಿಯಾಗಿ ಎಣ್ಣೆಯಲ್ಲೆಲ್ಲ ಹರಡಿತು. ಮತ್ತೆ ಏರಿಸಿದೆ. ಏರಿಸಿದ್ದು ಗೊತ್ತಾಗುವಷ್ಟರಲ್ಲಿ ಆ ಪುಡಿಯೆಲ್ಲ ಸೀದು ಕಮಟು ವಾಸನೆ ಬಂತು. ಹೀಗೆ ನಾನು ಏರಿಸಿದಾಗ ಅದು ಏರದೆ, ಇಳಿಸಿದಾಗ ಇಳಿಯದೆ, ಡಬ್ಬಿಯ ಹಿಟ್ಟು ಅರ್ಧಕ್ಕಿಂತ ಕೆಳಗೆ ಹೋಯಿತು.

ಬಾಗಿಲಲ್ಲಿ ಕೂತಿದ್ದ ಮುದುಕಿ ಮೂಗಿಗೆ ಸೆರಗು ಹಿಡಿದು, "ಯಾರವ್ವ ಕರೀತಿರಾದು, ನಮ್ ದೊಡ್ ಸೊಸೆ ಇಲ್ವಾ?" ಅಂದಳು.

ಅವಳಿಗೆ ಮರೆತುಹೋಗಿತ್ತು. ನಾನು ಕೈ ಒರೆಸಿಕೊಂಡು ಗೋಡೆಗೆ ಒರಗಿದೆ. ಬಾಣಲೆಯಲ್ಲಿ ನನ್ನ ತಂಗಿಯ ಎಡೆಗೆ ಹೋಗಬೇಕಾದದ್ದು ಕರಕಲಾಗಿ ತೇಲುತ್ತಿತ್ತು. ತವರಿನಿಂದ ಬಂದ ಹಿಟ್ಟು ಇನ್ನೊಂದು ಸಲ ಕೆಟ್ಟರೆ ಅವಳ ಎಲೆಯ ಮೇಲೆ ಕಜ್ಜಾಯವೇ ಇರುವುದಿಲ್ಲ. ಪಾಕದ ಹಿಟ್ಟು ಆಗಿಂದಾಗ್ಗೆ ಮಾಡಿಕೊಳ್ಳುವ ವಸ್ತುವಲ್ಲ.

ವಾರಗಿತ್ತಿ ಎದ್ದು ಬಂದಳು. ನನ್ನನ್ನು ಏನೂ ಕೇಳದೆ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ಕಲ್ಲಿನ ಕಟ್ಟೆಯ ಮೇಲಿಟ್ಟಳು. ಎಣ್ಣೆ ಆರಿದ ಮೇಲೆ ಅದನ್ನು ಬೇರೆ ಪಾತ್ರೆಗೆ ಸುರಿದು, ಬಾಣಲೆ ತಿಕ್ಕಿ ಒರೆಸಿದಳು. ಹೊಸ ಎಣ್ಣೆ ಇಟ್ಟರೆ ಮತ್ತೆ ಮೊದಲಿನಿಂದ ಲೆಕ್ಕ, ಎಡೆಗೆ ದೋಷವಿಲ್ಲ ಎಂದು, ಶಾಸ್ತ್ರವನ್ನು ಮಾತ್ರ ಮರೆಯದ ಮುದುಕಿಯನ್ನು ಕೇಳಿಕೊಂಡು ಬಂದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು:

"ನಾನೂ ಮೊದ್ಲು ಇಂಗೇ ಮಾಡಿದ್ದು ಅಕ್ಕ. ಆ ಕೆಂಪು ಆರಿದ್ರೆ ಎದ್ರುಕೊಬಾರ್ದು. ಅದು ಅತ್ಕತದೆ, ಆರ್ತದೆ, ಅದ್ರ ಸ್ವಭಾವ. ಕೆಂಪ್ ನೋಡ್ಬೇಡಿ, ಎಣ್ಣೆ ನೋಡಿ."

"ನಿಂಗ್ಯಾರು ಏಳ್ಕೊಟ್ಟಿದ್ದು?" ಎಂದೆ. ಉತ್ತರ ಗೊತ್ತಿದ್ದೇ ಕೇಳಿದೆ.

"ಅಕ್ಕನೇ."

ಆ ಅಕ್ಕ ನನ್ನ ತಂಗಿ. ನನ್ನ ಮನಸ್ಸಿನಲ್ಲಿದ್ದದ್ದು ಮುಖದ ಮೇಲೆ ಕಂಡಿರಬೇಕು. ಅವಳು ಎಣ್ಣೆ ಸುರಿಯುತ್ತಿದ್ದವಳು ನಿಲ್ಲಿಸಿದಳು.

"ನಿಮ್ಗೆ ನನ್ ಕಂಡ್ರೆ ಆಗಾಕಿಲ್ಲ ಅಂತ ಗೊತ್ತು," ಎಂದಳು. ದನಿ ಏರಿಸಲಿಲ್ಲ. "ನಂಗೂ ನಿಮ್ ಕಂಡ್ರೆ ಅಂಗೇ ಇತ್ತು. ದಿನ ಬೆಳಗಾದ್ರೆ ನಿಮ್ ಮಾತೇ. ನಮ್ಮಕ್ಕ ಕರುದ್ರೆ ಇಂಗ್ ಉಬ್ತವೆ, ನಮ್ಮಕ್ಕನ ಕಜ್ಜಾಯ ತಿಂಗ್ಳಿಟ್ರೂ ಗಟ್ಟಿಯಾಗಾಕಿಲ್ಲ. ನಾನು ಎಷ್ಟ್ ಚೆಂದಾಗಿ ಕರುದ್ರೂ, ಚೆನ್ನಾಗದೆ, ಆದ್ರೆ ನಮ್ಮಕ್ಕಂದು ನೀನ್ ಬಿಸಿಬಿಸಿ ತಿಂದಿಲ್ಲ ಅನ್ನೋಳು. ಕೇಳಿ ಕೇಳಿ ಸಾಕಾಗಿತ್ತು ನಂಗೆ."

ನಾನು, "ಅಂಗಂತಿದ್ಲಾ," ಎಂದೆ.

"ಊಂ. ನೀವು ಬತ್ತೀರಿ ಅಂದ್ರೆ ಬೆಳಿಗ್ಗೇನೇ ಎಲ್ಲಾ ಮಾಡಿ ಮುಗಿಸ್ಬುಡೋಳು. ನಮ್ಮಕ್ಕನ್ ಮುಂದೆ ಈ ಒಲೇಲಿ ಕೆಡಿಸ್ಕೊಂಡ್ರೆ ನಾಚ್ಕೆ ಆಯ್ತದೆ ಅನ್ನೋಳು."

ಇದು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ನನ್ನ ಮುಂದೆ ನಾಚಿಕೊಳ್ಳುತ್ತಿದ್ದವಳು ಇವಳ ಮುಂದೆ ನಾಚಿಕೆಯಿಲ್ಲದೆ ಕೆಡಿಸಿದ್ದಳು, ಸೀದದ್ದನ್ನು ಇಬ್ಬರೂ ನಗುತ್ತಾ ಹಿತ್ತಲಿಗೆ ಎಸೆದಿದ್ದರು. ಹೊಗಳಿಕೆ ನನ್ನ ಪಾಲಿಗೆ ಬಂತು, ದಿನದಿನದ ಒಡನಾಟ ಇವಳ ಪಾಲಿಗೆ ಹೋಯಿತು. ಬದಲಾಯಿಸಿಕೊಳ್ಳುವ ಹಾಗಿದ್ದರೆ ಆ ಹೊತ್ತಿನಲ್ಲೇ ಬದಲಾಯಿಸಿಕೊಳ್ಳುತ್ತಿದ್ದೆ.

ಅವಳು ಉಳಿದ ಎಣ್ಣೆ ಸುರಿದು, ತಿರುಗಣೆಯನ್ನು ನಡುವಿನ ಗುರುತಿಗಿಂತ ಒಂದು ಕಡಿಮೆಗೆ ಇಟ್ಟಳು. ಕಾಯುವವರೆಗೆ ನಾವಿಬ್ಬರೂ ಕೂತು ವಡೆಗೆ ಕೊತ್ತಂಬರಿ ಸೊಪ್ಪು ಸೋಸಿದೆವು. ಪಕ್ಕದಲ್ಲಿ ಒಂದು ಲೋಟ ತಣ್ಣನೆಯ ಎಣ್ಣೆ ಇಟ್ಟುಕೊಂಡಳು. ಅತಿಯಾಗಿ ಕಾದರೆ ತಿರುಗಣೆಯನ್ನು ನಂಬಿ ಕೂರಬಾರದು, ಒಂದು ಸೌಟು ತಣ್ಣೆಣ್ಣೆಯನ್ನು ಬಾಣಲೆಯ ಅಂಚಿನಿಂದ ಬಿಡಬೇಕು, ಅದೇ ಬೇಗ ಇಳಿಸುವುದು ಎಂದಳು. ಹಿಟ್ಟಿನ ಚೂರು ಹಾಕಿದಳು. ಅದು ತಳಕ್ಕೆ ಹೋಗಿ, ಒಂದು ಉಸಿರು ಅಲ್ಲೇ ಇದ್ದು, ಮೆಲ್ಲಗೆ ಎದ್ದು ಬಂತು.

"ಈಗ ತಟ್ಟಿ ಬಿಡಿ ಅಕ್ಕ. ನಿಮ್ ಕೈಲೇ ಆಗ್ಲಿ. ತಿರುಗ್ಸೋದು ನಾನ್ ನೋಡ್ಕತೀನಿ."

ನಾನು ತಟ್ಟಿದೆ. ಬಾಳೆಲೆಯಿಂದ ಜಾರಿಸಿ ಬಿಡುವ ಮುಂಚೆಯೇ ಅವಳು ತಿರುಗಣೆಯನ್ನು ಒಂದು ಗುರುತು ಏರಿಸಿದಳು. ಹಸಿ ಹಿಟ್ಟು ಬಿದ್ದ ಕೂಡಲೇ ಎಣ್ಣೆಯ ಕಾವು ಇಳಿಯುತ್ತದೆ, ಏರಿಸಿದ್ದು ತಲುಪುವುದು ತಡವಾಗಿ, ಆದ್ದರಿಂದ ಮೊದಲೇ ಏರಿಸಬೇಕು. ಕಜ್ಜಾಯ ಉಬ್ಬಿ, ನಾನು ತಿರುವಿ ಹಾಕಿದಾಗ, ಇನ್ನೂ ಬಣ್ಣ ಬರುವ ಮುಂಚೆಯೇ ಇಳಿಸಿದಳು. ಇದನ್ನು ತೆಗೆದ ಮೇಲೆ ಬಾಣಲೆ ಖಾಲಿಯಾಗಿ ಎಣ್ಣೆಯ ಕಾವು ಏರುತ್ತದಲ್ಲ, ಅದಕ್ಕೆ.

"ಈಗ ಎಣ್ಣೇಲಿರೋದುಕ್ಕಲ್ಲ, ಮುಂದುಕ್ ಬರೋದುಕ್ ತಿರುಗಿಸ್ಬೇಕು ಅನ್ನೋಳು ಅಕ್ಕ," ಎಂದಳು.

ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ತಿರುಗಣೆಯನ್ನು ಹಿಡಿಯುವಾಗ ಕಿರುಬೆರಳನ್ನು ಮಡಚಿ ಅಂಗೈಗೆ ಒತ್ತಿಕೊಳ್ಳುತ್ತಿದ್ದಳು. ಅದು ನನ್ನ ತಂಗಿಯ ಅಭ್ಯಾಸ. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅವಳ ಕಿರುಬೆರಳು ಸೆಟೆದುಕೊಂಡಿತ್ತು, ಅದಕ್ಕೆ ಹಾಗೆ ಹಿಡಿಯುತ್ತಿದ್ದಳು. ಇವಳ ಬೆರಳಿಗೆ ಏನೂ ಆಗಿರಲಿಲ್ಲ. ಜೊತೆಯಲ್ಲಿ ನಿಂತು ನಿಂತು ಬಂದದ್ದು. ಇವಳಿಗೆ ಅದು ಗೊತ್ತೂ ಇರಲಿಲ್ಲ ಎಂದು ಕಾಣುತ್ತದೆ. ಹೇಳಲೋ ಬೇಡವೋ ಎಂದು ನೋಡಿದೆ. ಹೇಳಲಿಲ್ಲ. ಹೇಳಿದರೆ ಅದನ್ನು ಅವಳಿಗೆ ನಾನೇ ಕೈಯಾರೆ ಕೊಟ್ಟಂತೆ ಆಗುತ್ತಿತ್ತು.

ಕಜ್ಜಾಯ ಒಂದಾದ ಮೇಲೊಂದು ಉಬ್ಬಿ ಬಂದವು. ಎರಡು ತಟ್ಟೆಗಳ ನಡುವೆ ಒತ್ತಿ ಎಣ್ಣೆ ಹಿಂಡಿದೆ. ಬಣ್ಣ ಒಂದೇ ಸಮ ಇತ್ತು. ಬಾಣಲೆ ಬರಿದಾಗದಂತೆ ನಾನು ತಟ್ಟುತ್ತಿದ್ದೆ, ಅವಳು ಏರಿಸುತ್ತಾ ಇಳಿಸುತ್ತಾ ಇದ್ದಳು. ಹಿಟ್ಟು ಡಬ್ಬಿಯ ತಳಕ್ಕೆ ಬಂದಾಗ ಅವಳು ಒಲೆಯನ್ನು ಪೂರ್ತಿ ಆರಿಸಿಬಿಟ್ಟಳು. ಉಳಿದವು ಗಾಜಿನ ಬಿಸಿಯಲ್ಲೇ ಬೆಂದವು.

ಸಂಜೆ ಎಡೆ ಇಟ್ಟರು. ತಂಗಿಯ ಪಟದ ಮುಂದೆ ಹೊಸ ಸೀರೆ, ಹಸಿರು ಬಳೆ, ಬಾಳೆಲೆ. ಹೋಳಿಗೆ, ವಡೆ, ಅನ್ನ, ಸಾರು, ಅದರ ಪಕ್ಕದಲ್ಲಿ ಕಜ್ಜಾಯ. ವಿಭೂತಿ ಹಚ್ಚಿಕೊಂಡು ಒಬ್ಬೊಬ್ಬರೇ ಕೈಮುಗಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದೆವು, ಹಿರಿಯರು ಬಂದು ಉಣ್ಣಲಿ ಎಂದು. ಒಳಗೆ ದೀಪ ಮಾತ್ರ ಇತ್ತು. ವಾರಗಿತ್ತಿ ನನ್ನ ಪಕ್ಕದಲ್ಲೇ ಕೂತಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು. ನಾನು ಸರಿದು ಜಾಗ ಕೊಟ್ಟೆ, ಅಷ್ಟೇ.

ಬಾಗಿಲು ತೆರೆದ ಮೇಲೆ ಪ್ರಸಾದ ಹಂಚಿದರು. ಮುದುಕಿ ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದಳು. "ಇದು ನಮ್ ದೊಡ್ ಸೊಸೇದೇ ಕಣವ್ವ," ಎಂದಳು. ತಂಗಿಯ ಗಂಡ ತಲೆ ತಗ್ಗಿಸಿದರು. ನಾನು ಒಂದು ಚೂರು ತಿಂದೆ. ಹಿಟ್ಟು ನನ್ನದು, ನನ್ನ ಕಜ್ಜಾಯದ ರುಚಿ ನನಗೆ ಗೊತ್ತು. ಇದರ ಅಂಚು ನನ್ನದಕ್ಕಿಂತ ತೆಳುವಾಗಿ ಗರಿಯಾಗಿತ್ತು, ಒಳಗೆ ಮೆತ್ತಗೆ, ಜೇನಿನಂತೆ. ನಿಧಾನ ಕಾವಿನಲ್ಲಿ ಬೆಂದ ಕಜ್ಜಾಯಕ್ಕೆ ಬರುವ ಮೆದು. ಇಷ್ಟು ವರ್ಷ ಅವಳು ಇಲ್ಲಿ ಮಾಡುತ್ತಿದ್ದ ಕಜ್ಜಾಯ ಹೀಗಿತ್ತೆಂದು ಅವಳ ಎಡೆಯಿಂದಲೇ ನನಗೆ ತಿಳಿಯಿತು. ಅವಳು ನನ್ನದನ್ನು ಹೊಗಳುತ್ತಲೇ ಇದ್ದಳಂತೆ. ನಾನು ಅವಳದನ್ನು ಒಂದು ಸಲವೂ ಚೆನ್ನಾಗಿದೆ ಎಂದಿರಲಿಲ್ಲ, ತಿಂದೇ ಇರಲಿಲ್ಲ.

ಮಾರನೆಯ ದಿನ ಹೊರಟೆ. ವಾರಗಿತ್ತಿ ಡಬ್ಬಿ ತೊಳೆದು ಒಳಗೆ ಕಜ್ಜಾಯ ಇಟ್ಟುಕೊಟ್ಟಳು. ದೀಪಾವಳಿಗೆ ಮಿರ್ಲೆಗೆ ಬಾ ಎಂದು ಕರೆದೆ. ಕರೆಯಬೇಕಾದ್ದರಿಂದ ಕರೆದೆ. ಬರುತ್ತೇನೆ ಎಂದಳು. ಬಂದರೆ ಬರಲಿ. ಅವಳಿಗೆ ಹೇಳಲು ಇನ್ನೂ ಬಹಳ ಇದೆ, ನನಗೆ ಕೇಳಲು ಹೊಟ್ಟೆಕಿಚ್ಚೂ ಇದೆ, ಆಸೆಯೂ ಇದೆ. ಆ ಅಡಿಗೆಮನೆಯಲ್ಲಿ ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದರು, ಆ ದಿನ ಫೋನಿನ ಹಿಂದೆ ಯಾಕೆ ನಕ್ಕರು, ಎಲ್ಲವನ್ನೂ ಕೇಳಿದರೆ ಅವಳು ಹೇಳಿಯಾಳು.

ಕೇಳಿ ತಿಳಿದುಕೊಳ್ಳಬಹುದು. ನೋಡಲು ಇನ್ನು ಆಗುವುದಿಲ್ಲ. ನನ್ನ ತಂಗಿ ತನ್ನ ಒಲೆಯ ಮುಂದೆ ನಿಂತು ಕಜ್ಜಾಯ ಕರಿಯುವುದನ್ನು ನಾನು ನೋಡಿಲ್ಲ.